ತೆಳಿ ಬಿಟ್ಟ ಲೆಕ್ಕ

ನಾನು ಕೊಳಚೆಯ ಲೆಕ್ಕ ಹಾಕಿ ಬದುಕುವವನು. ಮೂಡುಬಿದಿರೆಯ ನನ್ನ ಆಫೀಸಿನ ಬೋರ್ಡಿನಲ್ಲಿ ‘ಶಿವಕೃಷ್ಣ ಭಟ್, ಪ್ಲಂಬಿಂಗ್ ಕನ್ಸಲ್ಟೆಂಟ್’ ಎಂದು ಬರೆಸಿದ್ದೇನೆ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ನನ್ನ ಹೆಂಡತಿ ಶಂಕರಿ ‘ಇಂಜಿನಿಯರು’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾಳೆ. ಇಪ್ಪತ್ತೇಳು ವರ್ಷಗಳಲ್ಲಿ ನಾನು ಹಾಕಿದ ಲೆಕ್ಕ ಒಮ್ಮೆಯೂ ತಪ್ಪಿಲ್ಲ ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ. ಬಿ.ಸಿ.ರೋಡಿನ ತೆಂಕಬೈಲು ಹೋಟೆಲಿನಲ್ಲೂ ಲೆಕ್ಕ ತಪ್ಪಲಿಲ್ಲ. ಅಲ್ಲಿ ತಪ್ಪಿದ್ದು ಬೇರೆ.

ಹೋಟೆಲಿನ ಧನಿ ಶೋಧನ್. ದುಬೈಯಲ್ಲಿ ಹನ್ನೊಂದು ವರ್ಷ ಇದ್ದು ಬಂದವನು. ಅವನ ಅಪ್ಪನದು ಅದೇ ಜಾಗದಲ್ಲಿ ಹಂಚಿನ ಮಾಡಿನ ಹೋಟೆಲು, ಮೀನಿನ ಊಟಕ್ಕೆ ಹೆಸರುವಾಸಿ. ಅಪ್ಪ ತೀರಿಕೊಂಡ ಮೇಲೆ ಶೋಧನ್ ಅದನ್ನು ಕೆಡವಿ ಮೂರು ಅಂತಸ್ತು ಎಬ್ಬಿಸಿದ. ನೆಲಮಟ್ಟವನ್ನು ಬಟ್ಟೆ ಅಂಗಡಿಗೆ ಬಾಡಿಗೆಗೆ ಕೊಟ್ಟು, ಅಡಿಗೆಮನೆ, ಊಟದ ಹಾಲು, ಶೌಚಾಲಯ ಮೂರನ್ನೂ ಬೇಸ್‌ಮೆಂಟಿಗೆ ತಳ್ಳಿದ. ಕಟ್ಟಡದ ಗೋಡೆ ಎದ್ದ ಮೇಲೆ ಅವನಿಗೆ ನನ್ನ ನೆನಪಾಯಿತು. ಎಲ್ಲರಿಗೂ ಹಾಗೆಯೇ. ಊಟ ಎಲ್ಲಿಂದ ಬರುತ್ತದೆ ಎಂದು ಮೊದಲ ದಿನವೇ ಯೋಚಿಸುತ್ತಾರೆ, ಎಲ್ಲಿಗೆ ಹೋಗುತ್ತದೆ ಎಂದು ಕೊನೆಯ ದಿನ ಕೇಳುತ್ತಾರೆ.

ನಾನು ಅಳತೆ ಹಿಡಿದು ನೋಡಿದೆ. ರಸ್ತೆಯ ಒಳಚರಂಡಿ ಪೈಪು ರಸ್ತೆಯಿಂದ ಐದು ಅಡಿ ಆಳದಲ್ಲಿತ್ತು. ಬೇಸ್‌ಮೆಂಟಿನ ನೆಲ ಹನ್ನೆರಡು ಅಡಿ ಆಳದಲ್ಲಿ. ನೀರು ಮೇಲಕ್ಕೆ ತಾನಾಗಿ ಹತ್ತುವುದಿಲ್ಲ, ಪಂಪಿನಿಂದ ಎತ್ತಬೇಕು. ಅದಕ್ಕೆ ಕೊಳಚೆಯೆಲ್ಲ ಬಂದು ಸೇರುವ ಒಂದು ಸಂಪು, ಅದರಲ್ಲಿ ಎರಡು ಪಂಪು. ಒಂದು ಕೆಟ್ಟರೆ ಇನ್ನೊಂದು. ಕರೆಂಟು ಹೋದರೆ ಜನರೇಟರಿನಿಂದ ಲೈನು. ಪಂಪಿನ ಪೈಪು ನೇರ ಒಳಚರಂಡಿಗೆ ಹೋಗಬಾರದು, ರಸ್ತೆಯ ಮಟ್ಟಕ್ಕಿಂತ ಮೇಲೆ ಏರಿ, ಬಾಗಿ, ಆಮೇಲೆ ಇಳಿಯಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಮ್ಯಾನ್‌ಹೋಲ್ ತುಂಬಿದಾಗ ಊರಿನ ಕೊಳಚೆಯೆಲ್ಲ ಹಿಂದಕ್ಕೆ ಹರಿದು ಊಟದ ಮೇಜಿನ ಕಾಲಿಗೆ ಬರುತ್ತದೆ. ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ವಾಲ್ವನ್ನು ಮಾತ್ರ ನಂಬಿ ನಾನು ಯಾರಿಗೂ ಬೇಸ್‌ಮೆಂಟ್ ಕೊಡುವವನಲ್ಲ. ಇದನ್ನೆಲ್ಲ ಶೋಧನ್ ಗೊಣಗದೆ ಒಪ್ಪಿದ.

ಜಗಳವಾದದ್ದು ಗ್ರೀಸ್ ಟ್ರ್ಯಾಪಿನ ಅಳತೆಗೆ.

ಅಡಿಗೆಮನೆಯ ನೀರು ಸಂಪಿಗೆ ಬೀಳುವ ಮೊದಲು ಒಂದು ತೊಟ್ಟಿಯಲ್ಲಿ ನಿಧಾನವಾಗಿ ಹಾದುಹೋಗಬೇಕು. ಅಲ್ಲಿ ಅನ್ನದ ಅಗಳು, ಮಸಾಲೆ ತಳಕ್ಕೆ ಕೂರುತ್ತದೆ. ಎಣ್ಣೆ, ತುಪ್ಪ, ಕೋಳಿಯ ಕೊಬ್ಬು ತೇಲಿ ಮೇಲೆ ಗಟ್ಟಿಯಾಗುತ್ತದೆ. ನಡುವಿನ ನೀರು ಮಾತ್ರ ಮುಂದಕ್ಕೆ ಹೋಗುತ್ತದೆ. ಅದೇ ಗ್ರೀಸ್ ಟ್ರ್ಯಾಪ್. ನೀರು ಬಿಸಿಯಿದ್ದರೆ ಕೊಬ್ಬು ಕರಗಿ ನೀರಿನ ಜೊತೆಯೇ ಹೋಗುತ್ತದೆ, ಆದ್ದರಿಂದ ಬಿಸಿನೀರಿಗೆ ತೊಟ್ಟಿ ದೊಡ್ಡದು ಬೇಕು. ಸೋಪಿನ ನೀರಿಗೂ ದೊಡ್ಡದು ಬೇಕು. ಶೌಚಾಲಯದ ಪೈಪು ಇದಕ್ಕೆ ಸೇರುವುದಿಲ್ಲ, ಅದು ನೇರ ಸಂಪಿಗೆ.

ಪುಸ್ತಕದ ಪಟ್ಟಿಯಲ್ಲಿ ಕುರ್ಚಿ ಎಣಿಸಿ, ಸಿಂಕು ಎಣಿಸಿ ಲೆಕ್ಕ ಮಾಡುತ್ತಾರೆ. ಆದರೆ ಆ ಪಟ್ಟಿ ಮಾಡಿದವರು ಕುಚ್ಚಲಕ್ಕಿ ಅನ್ನ ಉಂಡವರಲ್ಲ. ನಮ್ಮಲ್ಲಿ ಅನ್ನ ಬೇಯಿಸುವುದೆಂದರೆ ಹಂಡೆ ತುಂಬ ನೀರಿಟ್ಟು, ಬೆಂದ ಮೇಲೆ ಬಸಿಯುವುದು. ಬಸಿದ ನೀರಿಗೆ ತೆಳಿ ಎನ್ನುತ್ತೇವೆ. ತೆಂಕಬೈಲಿನ ಅಡಿಗೆಮನೆಯಲ್ಲಿ ಇಪ್ಪತ್ತು ಕಿಲೋ ಅಕ್ಕಿಯ ಮೂರು ಹಂಡೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಒಂದು ಹಂಡೆ ಬಾಗಿಸಿದರೆ ಅರ್ಧ ನಿಮಿಷಕ್ಕೆ ಐವತ್ತೈದು ಲೀಟರ್ ಕುದಿವ ತೆಳಿ. ಸಿಂಕುಗಳದ್ದು ಸೆಕೆಂಡಿಗೆ ಎರಡು ಲೀಟರಿಗೆ ಸ್ವಲ್ಪ ಮೇಲೆ, ತೆಳಿಯದ್ದು ಎರಡಕ್ಕೆ ಸ್ವಲ್ಪ ಕಡಿಮೆ, ಒಟ್ಟು ನಾಲ್ಕು. ಬಿಸಿಗೆ ನೂರಕ್ಕೆ ಮೂವತ್ತು ಪಾಲು, ಸೋಪಿಗೆ ಮೇಲಿಂದ ಮತ್ತೆ ಮೂವತ್ತು ಪಾಲು ಸೇರಿಸಿದರೆ ಏಳರ ಹತ್ತಿರ. ಸೆಕೆಂಡಿಗೆ ಏಳು ಲೀಟರಿನ ಟ್ರ್ಯಾಪ್ ಬೇಕು ಎಂದು ಬರೆದುಕೊಟ್ಟೆ.

“ಇದು ಎಲ್ಲಿ ಕೂರ್ತದೆ ಭಟ್ರೇ?” ಎಂದು ಶೋಧನ್ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಊಟದ ಹಾಲಿನಿಂದ ನಾಲ್ಕು ಟೇಬಲ್ ತೆಗೀಬೇಕು. ಇಲ್ಲದಿದ್ದರೆ ಹಿಂದಿನ ಗೋಡೆ ಒಡೆದು ಆಚೆ ಅಗೀಬೇಕು.”

“ಟೇಬಲ್ ತೆಗೀಲಿಕ್ಕೆ ಆಗುವುದಿಲ್ಲ. ಹಿಂದೆ ಶೀನಪ್ಪನ ಮನೆ ಉಂಟು.”

ಹಿಂದಿನ ಗೋಡೆಯ ಆಚೆ ನೆಲ ಎತ್ತರದಲ್ಲಿತ್ತು. ಅಲ್ಲಿ ಎರಡು ಕೋಣೆಯ ಒಂದು ಮನೆ, ಅದಕ್ಕೆ ತಾಗಿ ಮೂರು ದನಗಳ ಹಟ್ಟಿ. ಶೀನಪ್ಪ ಮೂವತ್ತೊಂದು ವರ್ಷದಿಂದ ಈ ಹೋಟೆಲಿನ ಮುಖ್ಯ ಅಡಿಗೆಯವನು. ಹೋಟೆಲಿಗೆ ಹೆಸರು ತಂದ ಮೀನಿನ ಗಸಿ ಅವನ ಕೈಯದು. ಅವನೂ ಹೆಂಡತಿ ಪ್ರೇಮಾವತಿಯೂ ಆ ಮನೆಯಲ್ಲಿದ್ದರು, ಮಕ್ಕಳಿರಲಿಲ್ಲ. ಜಾಗ ಹೋಟೆಲಿನದೇ. ಶೋಧನನ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಗನ ಕೈ ಹಿಡಿದು, “ಶೀನಪ್ಪ ತಪ್ಪು ಮಾಡದೆ ಅವನನ್ನು ತೆಗೆಯಬೇಡ, ಕೆಲಸದಲ್ಲಿ ಇರುವಷ್ಟು ದಿನ ಆ ಮನೆ ಅವನದ್ದು” ಎಂದು ಮಾತು ತೆಗೆದುಕೊಂಡಿದ್ದರಂತೆ. ನಾಲ್ಕು ಜನ ನೆಂಟರು ಕೇಳಿಸಿಕೊಂಡ ಮಾತು. ಶೋಧನ್ ಅದನ್ನು ನನಗೆ ಹೇಳಿದ್ದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ವಿಷಯ ಹೇಳುವ ಹಾಗೆ.

ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಹಳೇ ಹೋಟೆಲಿನಲ್ಲಿ ತೆಳಿ ಮೋರಿಗೆ ಹೋದದ್ದೇ ಇಲ್ಲ. ಪ್ರೇಮಾವತಿ ದಿನಾ ಹನ್ನೊಂದು ಗಂಟೆಗೆ ಡ್ರಮ್ಮು, ಬಕೆಟು ತಂದು ಅಷ್ಟನ್ನೂ ಹೊತ್ತುಕೊಂಡು ಹೋಗುತ್ತಿದ್ದಳು. ಒಂದಷ್ಟು ಅವಳ ದನಗಳ ಅಕ್ಕಚ್ಚಿಗೆ, ಉಳಿದದ್ದನ್ನು ಪಾಣೆಮಂಗಳೂರು ಕಡೆಯ ದನ ಸಾಕುವ ಎರಡು ಮನೆಯವರು ಒಯ್ಯುತ್ತಿದ್ದರು. ತೆಳಿಯನ್ನು ಲೆಕ್ಕದಿಂದ ತೆಗೆದರೆ ಎರಡು ಚಿಲ್ಲರೆ ಲೀಟರು, ಸೋಪಿನ ಪಾಲು ಸೇರಿಸಿದರೆ ಮೂರು. ಸೆಕೆಂಡಿಗೆ ನಾಲ್ಕು ಲೀಟರಿನ ಟ್ರ್ಯಾಪ್ ಸಾಕು, ಪಂಪಿನ ಕೋಣೆಯಲ್ಲೇ ಕೂರುತ್ತದೆ. ಟೇಬಲ್ಲೂ ಉಳಿಯಿತು, ಮನೆಯೂ ಉಳಿಯಿತು.

ಆ ದಿನ ನನ್ನ ಬಗ್ಗೆ ನನಗೇ ಬಹಳ ಅಭಿಮಾನವಾಯಿತು. ಶೀನಪ್ಪನ ಮನೆ ಉಳಿಸಿದ್ದು ನಾನು ಎಂದು ಶಂಕರಿಗೂ ಹೇಳಿದೆ. ಹೊರಡುವ ಮೊದಲು ಶೀನಪ್ಪನಿಗೂ ಹೇಳಿದ್ದೆ. ಅವನು ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಂಡು, “ನಿಮ್ಮ ಉಪಕಾರ ಭಟ್ರೇ” ಎಂದು ಬಂಗುಡೆ ಹುರಿದದ್ದು ತರಲು ಹೊರಟು, ನಾನು ಮೀನು ತಿನ್ನುವವನಲ್ಲ ಎಂದು ನೆನಪಾಗಿ, ನಾಚಿ, ಬಾಳೆಹಣ್ಣಿನ ಗೊನೆ ತಂದುಕೊಟ್ಟ.

ದೀಪಾವಳಿಗೆ ಹೋಟೆಲು ಶುರುವಾಯಿತು. ಎಲ್ಲ ವಹಿಸಿಕೊಡುವ ದಿನ ನಾನು ಒಂದು ಕಾಗದ ಮಾಡಿದ್ದೆ. ಇಂಗ್ಲಿಷಿನಲ್ಲಿ ಒಂಬತ್ತು ಸಾಲು. ಟ್ರ್ಯಾಪನ್ನು ಹದಿನೈದು ದಿನಕ್ಕೊಮ್ಮೆ ಟ್ಯಾಂಕರಿನಿಂದ ಖಾಲಿ ಮಾಡಿಸಬೇಕು, ಸಂಪಿನೊಳಗೆ ಯಾರೂ ಇಳಿಯಬಾರದು, ಇಂಥವು. ಏಳನೆಯ ಸಾಲು: ಅನ್ನ ಬಸಿದ ತೆಳಿಯನ್ನು ಯಾವ ಕಾರಣಕ್ಕೂ ಅಡಿಗೆಮನೆಯ ಮೋರಿಗೆ ಬಿಡಕೂಡದು. ಅಡಿಗೆಮನೆಯ ಮುಖ್ಯಸ್ಥನ ರುಜು ಬೇಕಿತ್ತು.

“ಇದರಲ್ಲಿ ಎಂತ ಉಂಟು ಭಟ್ರೇ?” ಶೀನಪ್ಪ ಕೇಳಿದ. ಅವನು ಕನ್ನಡ ಚೆನ್ನಾಗಿ ಓದುತ್ತಾನೆ, ಪೇಪರನ್ನು ಕೊನೆಯ ಪುಟದವರೆಗೂ ಓದುವವನು.

“ಮಿಷನ್ ನೋಡಿಕೊಳ್ಳುವ ವಿಷಯ. ಕಾಗದ ಸಿಕ್ಕಿದೆ ಅಂತ ಒಂದು ಸೈನ್ ಅಷ್ಟೇ.”

ಅವನು ಕನ್ನಡದಲ್ಲಿ ರುಜು ಹಾಕಿದ. ನನಗೆ ಸಿದ್ಧಕಟ್ಟೆಯಲ್ಲಿ ಇನ್ನೊಂದು ಸೈಟು ನೋಡುವುದಿತ್ತು. ಓದಿ ಹೇಳಲು ಐದು ನಿಮಿಷ ಸಾಕಿತ್ತು, ಅದನ್ನು ನಾನು ಉಳಿಸಿಕೊಂಡೆ.

ಎರಡು ತಿಂಗಳು ಎಲ್ಲ ಸರಿಯಿತ್ತು. ಜನವರಿಯಲ್ಲಿ ಶೋಧನ್ ಫೋನು ಮಾಡಿ, ಅವನ ಭಾವ ಶ್ರವಣ್ ಬೆಳ್ತಂಗಡಿಯಲ್ಲಿ ಇನ್ನೂ ದೊಡ್ಡ ಹೋಟೆಲು ಕಟ್ಟುತ್ತಿದ್ದಾನೆ, ಅದಕ್ಕೂ ಬೇಸ್‌ಮೆಂಟು ಇದೆ, ಬಂದು ಮಾತಾಡಿ ಎಂದ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ನಾವು ಮೂವರೂ ಹೋಟೆಲಿನ ಹಿಂದೆ, ಕಾರುಗಳು ನಿಲ್ಲುವ ಜಾಗದಲ್ಲಿ ನಿಂತಿದ್ದೆವು. ಹನ್ನೊಂದು ದಾಟಿತ್ತು. ಪ್ರೇಮಾವತಿ ಎರಡು ಬಕೆಟು ಹಿಡಿದು ಅಡಿಗೆಮನೆಯ ರ‍್ಯಾಂಪ್ ಹತ್ತಿ ಬಂದಳು. ಒಂದು ಹನಿ ತೆಳಿ ತುಳುಕಿ ಶ್ರವಣನ ಕಾರಿನ ಬಾಗಿಲ ಹತ್ತಿರ ಬಿತ್ತು.

“ನಿಲ್ಲಿ,” ಎಂದ ಶೋಧನ್. “ಬಕೆಟು ಕೆಳಗಿಡಿ.”

ಅವಳು ಇಟ್ಟಳು. ಅವನು ಅಡಿಗೆಮನೆಯಿಂದ ಪೂರಿ ಎತ್ತುವ ಜಾಲರಿ ಸೌಟು ತರಿಸಿದ. ತೆಳಿಯೊಳಗೆ ಅದ್ದಿ ಎತ್ತಿದ. ತಳದಲ್ಲಿ ಅನ್ನ ಸಿಕ್ಕಿತು. ಬಸಿಯುವಾಗ ಅಗಳು ಜಾರಿ ಬೀಳುವುದು ಪ್ರತಿ ಮನೆಯಲ್ಲೂ ಉಂಟು. ಅವನು ಆ ಅನ್ನವನ್ನು ನೆಲದ ಮೇಲೆ ಸುರಿದ, ಮತ್ತೆ ಅದ್ದಿದ, ಮತ್ತೆ ಸುರಿದ. ಎರಡೂ ಬಕೆಟು ಮುಗಿಯುವಾಗ ಇಂಟರ್‌ಲಾಕ್ ಕಲ್ಲಿನ ನೆಲದ ಮೇಲೆ ಎರಡು ಬೊಗಸೆಯಷ್ಟು ಅನ್ನ ಬಿದ್ದಿತ್ತು. ಊಟಕ್ಕೆ ಬಂದ ಜನ ಕಾರಿನಿಂದ ಇಳಿದವರು ನಿಂತು ನೋಡುತ್ತಿದ್ದರು. ಒಬ್ಬ ಮೊಬೈಲನ್ನೂ ಎತ್ತಿ ಹಿಡಿದಿದ್ದ.

“ಇದಕ್ಕೇ ದಿನಾ ಎರಡೆರಡು ಸಲ ಬರುವುದಲ್ವಾ?” ಎಂದು ಶೋಧನ್ ಕೇಳಿದ. “ಮೇಲೆ ತೆಳಿ, ಅಡಿಯಲ್ಲಿ ನಮ್ಮ ಅನ್ನ. ಎಷ್ಟು ವರ್ಷ ಆಯ್ತು ಈ ವ್ಯವಹಾರ?”

ಪ್ರೇಮಾವತಿಗೆ ಐವತ್ತೈದು ಕಳೆದಿರಬೇಕು. ಶೋಧನ್ ಚಿಕ್ಕವನಿದ್ದಾಗ ಅವನಿಗೆ ಜ್ವರ ಬಂದರೆ ಅವಳೇ ರಾತ್ರಿಯೆಲ್ಲ ಕೂತು ಗಂಜಿ ಕುಡಿಸಿದ್ದಳೆಂದು ಆಮೇಲೆ ಕೇಳಿದ್ದೇನೆ. ಅವಳು ಕೂತು, ನೆಲದ ಅನ್ನವನ್ನು ಒಂದೊಂದೇ ಅಗಳು ಬಿಡದೆ ಸೆರಗಿಗೆ ಹಾಕಿಕೊಂಡು, ಅಡಿಗೆಮನೆಯ ಬಾಗಿಲಲ್ಲಿ ನಿಂತ ಗಂಡನ ಕೈಗೆ ಸುರಿದು, ಬಕೆಟುಗಳನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು. ಮತ್ತೆ ಆ ಅಡಿಗೆಮನೆಯ ಮೆಟ್ಟಿಲು ತುಳಿಯಲಿಲ್ಲ. ಪಾಣೆಮಂಗಳೂರಿನ ಮನೆಯವರಿಗೂ ಶೋಧನ್ ಅಂದೇ ಬರಬೇಡಿ ಎಂದು ಹೇಳಿಸಿದ.

ಶೀನಪ್ಪನ ಬೊಗಸೆಯಲ್ಲಿ ಅನ್ನವಿತ್ತು. ಅವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಕೊನೆಗೆ, “ಹಾಗಾದ್ರೆ ನಾಳೆಯಿಂದ ತೆಳಿ ಎಲ್ಲಿಗೆ ಹೊಯ್ಯುವುದು ಧನಿ?” ಎಂದು ಕೇಳಿದ.

“ಅಷ್ಟು ದೊಡ್ಡ ಗುಂಡಿ ತೋಡಿಸಿದ್ದು ಯಾಕೆ? ಮೋರಿಗೆ ಹೊಯ್ಯಿ. ಪಂಪ್ ಉಂಟು, ಎತ್ತಿ ಬಿಸಾಡ್ತದೆ.” ಶೋಧನ್ ನನ್ನ ಕಡೆ ತಿರುಗಿದ. “ಅಲ್ವಾ ಭಟ್ರೇ?”

ಪಂಪು ಎತ್ತುತ್ತದೆ, ಅದಕ್ಕೆ ಶಕ್ತಿ ಇದೆ. ತೊಂದರೆ ಪಂಪಿನದಲ್ಲ, ಅದರ ಮೊದಲಿನ ತೊಟ್ಟಿಯದು. ನಾಲ್ಕು ಲೀಟರಿನ ಟ್ರ್ಯಾಪಿಗೆ ಕುದಿವ ತೆಳಿ ಬಿದ್ದರೆ ಗಟ್ಟಿಯಾಗಿ ನಿಂತ ಕೊಬ್ಬು ಕರಗಿ ಸಂಪಿಗೆ ಹೋಗುತ್ತದೆ, ಅಲ್ಲಿ ತಣಿದು ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ. ಇದು ನನಗೆ ನನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಆದರೆ ಶ್ರವಣ್ ನನ್ನ ಮುಖ ನೋಡುತ್ತಿದ್ದ. ನಿಮ್ಮ ಟ್ರ್ಯಾಪ್ ಒಬ್ಬ ಹೆಂಗಸಿನ ಎರಡು ಬಕೆಟಿನ ಮೇಲೆ ನಿಂತಿದೆ ಎಂದು ಅವನೆದುರು ಹೇಳಿದರೆ ಬೆಳ್ತಂಗಡಿಯ ಕೆಲಸ ಮಂಗಳೂರಿನ ಬೇರೆ ಯಾವುದೋ ಕನ್ಸಲ್ಟೆಂಟಿನ ಪಾಲಾಗುತ್ತಿತ್ತು.

ನಾನು ತಲೆ ಆಡಿಸಿದೆ. ಹೌದು ಎಂದೂ ಅಲ್ಲ ಎಂದೂ ತಿಳಿಯದ ಹಾಗೆ ಆಡಿಸಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೌದು ಎಂದೇ ಆಡಿಸಿದ್ದೆ, ಶೀನಪ್ಪ ನೋಡಿಯೇ ಒಳಗೆ ಹೋದದ್ದು.

ಫೋನಿನಲ್ಲಾದರೂ ಹೇಳಬಹುದಿತ್ತು. ಬೆಳ್ತಂಗಡಿಯ ಕೆಲಸ ಸಿಕ್ಕಿದ ಮೇಲಾದರೂ ಹೇಳಬಹುದಿತ್ತು. ಇವತ್ತು ನಾಳೆ ಎಂದು ತಳ್ಳಿದೆ. ಕೆಲವು ದಿನ ರಾತ್ರಿ ಊಟಕ್ಕೆ ಕೂತಾಗ ತಟ್ಟೆಯ ಅನ್ನ ನೋಡಿ ಅರ್ಧಕ್ಕೇ ಕೈ ತೊಳೆಯುತ್ತಿದ್ದೆ. ಶಂಕರಿ ಕೇಳಿದರೆ ಗ್ಯಾಸ್ಟ್ರಿಕ್ ಎಂದೆ.

ಮಾರ್ಚಿನ ಒಂದು ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಶೋಧನ್ ಫೋನು ಮಾಡಿದ. ಆ ದಿನ ಬೇಸ್‌ಮೆಂಟಿನ ಹಾಲಿನಲ್ಲಿ ಅವನ ತಂಗಿ ನಿಖಿತಾಳ ಸೀಮಂತ. ಶ್ರವಣನ ಹೆಂಡತಿ ಅವಳು. ಮುನ್ನೂರು ಜನ.

“ಮೇಲೆ ಬರ್ತಾ ಉಂಟು ಭಟ್ರೇ,” ಎಂದ ಅಷ್ಟೇ. ಹಿಂದಿನಿಂದ ಕುರ್ಚಿ ಎಳೆಯುವ ಸದ್ದು, ಹೆಂಗಸರ ಸದ್ದು ಕೇಳಿಸಿತು.

ಸಿದ್ಧಕಟ್ಟೆ ದಾಟಿ ಬಿ.ಸಿ.ರೋಡು ಮುಟ್ಟಲು ಮುಕ್ಕಾಲು ಗಂಟೆ ಬೇಕಾಯಿತು. ದಾರಿಯುದ್ದಕ್ಕೂ ಬೇರೇನಾದರೂ ಆಗಿರಲಿ, ಕರೆಂಟು ಹೋಗಿರಲಿ, ಪಂಪು ಸುಟ್ಟಿರಲಿ ಎಂದು ಬೇಡಿಕೊಂಡೆ. ಹಾಲಿನಲ್ಲಿ ಪಾದ ಮುಳುಗುವಷ್ಟು ಕಪ್ಪು ನೀರು. ಕೈ ತೊಳೆಯುವಲ್ಲಿಯ ನೆಲದ ಜಾಲರಿಯಿಂದಲೂ ಶೌಚಾಲಯದ ನೆಲದಿಂದಲೂ ಉಕ್ಕುತ್ತಿತ್ತು. ಊರಿನದ್ದಲ್ಲ, ಇವರದ್ದೇ, ಮೇಲೆ ಹೋಗಲು ದಾರಿ ಸಿಗದೆ ಹಿಂದಕ್ಕೆ ಬಂದದ್ದು. ಬಡಿಸಿದ ಬಾಳೆಲೆಗಳು ಮೇಜಿನ ಮೇಲೆ ಹಾಗೇ ಇದ್ದವು. ಹೂ ಮುಡಿದ ನಿಖಿತಾಳನ್ನು ಇಬ್ಬರು ಎತ್ತಿಕೊಂಡಂತೆ ಮಾಡಿ ಮೆಟ್ಟಿಲು ಹತ್ತಿಸಿದ್ದರಂತೆ, ಅವಳ ಹಸಿರು ಸೀರೆಯ ಅಂಚು ಕೊಳಚೆಯಲ್ಲಿ ಅದ್ದಿತ್ತಂತೆ. ಅವಳ ಅತ್ತೆ ಇದು ಅಪಶಕುನ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕಾರು ಹತ್ತಿದ್ದರು.

ಪಂಪಿನ ಕೋಣೆಯಲ್ಲಿ ಸಂಪಿನ ಮುಚ್ಚಳ ತೆರೆದಿತ್ತು. ಶೀನಪ್ಪ ಲುಂಗಿ ಎತ್ತಿ ಕಟ್ಟಿ, ಸೊಂಟಕ್ಕೆ ಬಾವಿಯ ಹಗ್ಗ ಸುತ್ತಿಕೊಂಡು ಅಂಚಿನಲ್ಲಿ ಕೂತಿದ್ದ. ಹಗ್ಗದ ಇನ್ನೊಂದು ತುದಿ ಶೋಧನನ ಕೈಯಲ್ಲಿತ್ತು.

“ಇಳಿದು ನೋಡು ಅಂದೆ,” ಎಂದ ಶೋಧನ್. “ಎಂತದೋ ಸಿಕ್ಕಿಕೊಂಡಿರಬೇಕು.”

“ಇಳಿದರೆ ಹೆಣ ತೆಗೀಬೇಕಾಗ್ತದೆ,” ಎಂದೆ ನಾನು. “ಗ್ಯಾಸ್ ಉಂಟು ಅದರಲ್ಲಿ. ಇಳಿಸುವುದು ಅಪರಾಧ ಸಹ. ಬಿಚ್ಚಿ ಹಗ್ಗ.”

ಅಂದು ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಅದನ್ನು ನಾನು ಮರೆಯುವುದಿಲ್ಲ. ಪ್ಯಾನೆಲ್ಲಿನ ಸ್ವಿಚ್ಚನ್ನು ಆಟೋದಿಂದ ತಿರುಗಿಸಿ ಪಂಪನ್ನು ಕೈಯಿಂದಲೇ ಚಾಲೂ ಮಾಡಿದೆ. ಎರಡೂ ಓಡಿದವು. ಹತ್ತು ನಿಮಿಷದಲ್ಲಿ ಹಾಲಿನ ನೀರು ಇಳಿಯಿತು. ಪಂಪಿನಲ್ಲಿ ದೋಷವಿರಲಿಲ್ಲ, ಓಡು ಎಂದು ಅದಕ್ಕೆ ಹೇಳುವವರಿರಲಿಲ್ಲ. ಸಂಪಿನಲ್ಲಿ ನಾಲ್ಕು ಫ್ಲೋಟುಗಳಿರುತ್ತವೆ, ನೀರು ಏರಿದಾಗ ತೇಲಿ ಪಂಪಿನ ಸ್ವಿಚ್ಚು ಹಾಕುವ ಚೆಂಡುಗಳು. ಎಲ್ಲಕ್ಕಿಂತ ಮೇಲಿನದ್ದು ಸೈರನ್ ಕೂಗಿಸುವುದು. ಮೇಲೆ ನಿಂತೇ ಕೊಕ್ಕೆಯಿಂದ ಕೇಬಲ್ ಹಿಡಿದು ಅವನ್ನು ಎಳೆದೆ. ಗೋಡೆಯಿಂದ ಕಿತ್ತುಕೊಂಡು ಬಂದವು. ಒಂದೊಂದಕ್ಕೂ ಸುಲಿದ ತೆಂಗಿನಕಾಯಿಗಿಂತ ದಪ್ಪದ ಬಿಳಿ ಗಡ್ಡೆ. ತುಪ್ಪ, ಪಾಮ್ ಎಣ್ಣೆ, ಕೋಳಿಯ ಕೊಬ್ಬು, ನಡುವೆ ಹುಳಿ ವಾಸನೆಯ ಗಂಜಿ. ಸೈರನ್ನಿನ ಫ್ಲೋಟೂ ಆ ಗಡ್ಡೆಯೊಳಗೆ ಹೂತುಹೋಗಿತ್ತು.

ಆಮೇಲೆ ಟ್ರ್ಯಾಪಿನ ಮುಚ್ಚಳ ತೆಗೆದೆ. ಖಾಲಿ ಮಾಡಿಸಿ ಹನ್ನೆರಡು ದಿನ ಆಗಿತ್ತು, ಮೇಲೆ ಒಂದು ಗೇಣು ಕೊಬ್ಬಿನ ಪದರ ನಿಂತಿರಬೇಕಿತ್ತು. ಇರಲಿಲ್ಲ. ತೆಳ್ಳಗಿನ ಗಂಜಿಯಂಥದ್ದು ಆಡುತ್ತಿತ್ತು. ಸೀಮಂತಕ್ಕೆಂದು ಅಂದು ಐದು ಹಂಡೆ ಅನ್ನ ಬಸಿದಿದ್ದರು.

ಶ್ರವಣ್ ಬಾಗಿಲಲ್ಲಿ ಬಂದು ನಿಂತ. ಅವನ ಪಂಚೆ ಮೊಣಕಾಲವರೆಗೆ ಕಪ್ಪಾಗಿತ್ತು. “ಇದೇ ಟ್ರ್ಯಾಪ್ ನಮಗೂ ಹಾಕುವುದಾ ಭಟ್ರೇ?” ಎಂದು ಕೇಳಿದ. ಮೆಲ್ಲಗೆಯೇ ಕೇಳಿದ.

“ಯಾರ ತಪ್ಪು ಇದು?” ಎಂದ ಶೋಧನ್. “ನಿಮ್ಮದಾ, ನನ್ನದಾ?”

ನಾನು ಕಾರಿಗೆ ಹೋಗಿ ಫೈಲು ತಂದೆ.  ಏಳನೆಯ ಸಾಲನ್ನು ಇಂಗ್ಲಿಷಿನಲ್ಲಿ ಓದಿದೆ, ಕನ್ನಡದಲ್ಲಿ ಹೇಳಿದೆ. ಕೆಳಗಿನ ರುಜುವಿನ ಮೇಲೆ ಬೆರಳಿಟ್ಟೆ.

“ತೆಳಿ ಬಿಡಬಾರದು ಅಂತ ಬರೆದುಕೊಟ್ಟಿದ್ದೇನೆ. ಶೀನಪ್ಪಣ್ಣ ಸೈನ್ ಮಾಡಿದ್ದಾರೆ.”

ಕೋಣೆಯಲ್ಲಿ ಪಂಪು ನಿಂತಿತ್ತು. ಶೋಧನ್ ಕಾಗದವನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದ. ಮೋರಿಗೆ ಹೊಯ್ಯಿ ಎಂದದ್ದು ಅವನೇ. ಅದು ಅವನಿಗೆ ನೆನಪಿತ್ತು, ಶ್ರವಣನಿಗೂ ನೆನಪಿತ್ತು. ಆದರೆ ಕಾಗದ ಒಂದೇ ಇತ್ತು, ಅದರಲ್ಲಿ ರುಜು ಇದ್ದದ್ದು ಮೂರನೆಯವನದು. ಶೋಧನನ ಮುಖದಲ್ಲಿ ಕೋಪ ಇಳಿದು ಒಂದು ಬಗೆಯ ನಿರಾಳ ಮೂಡುವುದನ್ನು ನಾನು ನೋಡಿದೆ. ಮುಳ್ಳು ಹಲ್ಲಿನ ಸಂದಿಯಿಂದ ಹೊರಗೆ ಬಂದಿತ್ತು.

“ಅಪ್ಪ ಹೇಳಿದ್ದು ತಪ್ಪು ಮಾಡದೆ ತೆಗೆಯಬೇಡ ಅಂತ,” ಎಂದ. “ಮಾಡಿದ್ದೀಯಲ್ಲ ಶೀನಪ್ಪ. ಸೈನ್ ಹಾಕಿ ಮಾಡಿದ್ದೀ. ಹತ್ತು ದಿನ ತಗೋ, ಮನೆ ಖಾಲಿ ಮಾಡು.”

ದುಬೈಗೆ ಹೋಗುವ ಮೊದಲು ಅವನು ಶೀನಪ್ಪಣ್ಣ ಎನ್ನುತ್ತಿದ್ದನಂತೆ.

ಶೀನಪ್ಪ ಸೊಂಟದ ಹಗ್ಗವನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಅವನು ಶೋಧನನನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ಫ್ಲೋಟಿನ ಗಡ್ಡೆ ಕೆರೆಯತೊಡಗಿದೆ. ಅವನು ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಮೊಳೆಗೆ ನೇತುಹಾಕಿ, ಅಡಿಗೆಮನೆಗೆ ಹೋಗಿ ಹಂಡೆಗಳನ್ನು ತೊಳೆದಿಟ್ಟು ಹೊರಟುಹೋದ.

ಅದೇ ವಾರ ಶೋಧನ್ ನನ್ನನ್ನು ಕರೆಸಿದ. ಏಳು ಲೀಟರಿನದ್ದೇ ಹಾಕುವ, ತೆಳಿ ಸೇರಿಸಿಯೇ ಲೆಕ್ಕ ಮಾಡಿ ಎಂದ. ಟೇಬಲ್ ಒಂದೂ ತೆಗೆಯುವುದಿಲ್ಲ. ಹಿಂದಿನ ಗೋಡೆ ಒಡೆದು ಆಚೆ ಅಗೆಯುವ, ಇನ್ನು ಅಲ್ಲಿ ತೊಂದರೆಯಿಲ್ಲ. ಟ್ಯಾಂಕರೂ ಹಿಂದಿನಿಂದ ನೇರ ಬರುತ್ತದೆ. ಬೆಳ್ತಂಗಡಿಯದೂ ನೀವೇ ಮಾಡಿ ಎಂದು ಭಾವ ಹೇಳಿದ್ದಾನೆ, ಕಾಗದಪತ್ರ ಚೊಕ್ಕ ಇಟ್ಟುಕೊಳ್ಳುವವರು ನೀವು ಎಂದ. ನಾನು ಥ್ಯಾಂಕ್ಸ್ ಹೇಳಿದೆ.

ಹತ್ತನೆಯ ದಿನ ಅಳತೆ ತೆಗೆಯಲು ಹೋದೆ. ಮನೆ ಖಾಲಿಯಾಗಿರುತ್ತದೆಂದು ಎಣಿಸಿ ಮಧ್ಯಾಹ್ನ ಹೋಗಿದ್ದೆ. ಹಟ್ಟಿ ಖಾಲಿಯಿತ್ತು. ಮೂರು ದನಗಳನ್ನೂ ಸಿದ್ಧಕಟ್ಟೆಯ ಯಾರದೋ ಮನೆಯವರು ಬೆಳಿಗ್ಗೆ ಒಯ್ದಿದ್ದರು, ಗೂಟಗಳಲ್ಲಿ ಹಗ್ಗದ ತುಂಡು ಮಾತ್ರ ಇತ್ತು. ಅಂಗಳದಲ್ಲಿ ಪಿಕಪ್ ನಿಂತಿತ್ತು. ಪ್ರೇಮಾವತಿ ಪಾತ್ರೆಯ ಗೋಣಿಯನ್ನು ಹಿಡಿದು ಅದರ ಹಿಂದೆ ಕೂತಿದ್ದಳು. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡಳು, ಯಾರೋ ಗೌರವಸ್ಥರು ಬಂದರೆ ಮಾಡುವ ಹಾಗೆ. ನನಗೆ ಅಲ್ಲಿಂದ ಓಡಬೇಕೆನಿಸಿತು.

ಶೀನಪ್ಪ ಒಳಗಿಂದ ದೇವರ ಫೋಟೋ ತಂದು ಅವಳ ಮಡಿಲಿಗಿಟ್ಟು ನನ್ನ ಬಳಿಗೆ ಬಂದ.

“ಒಂದು ಕೇಳಬೇಕಿತ್ತು ಭಟ್ರೇ. ಅವತ್ತು ಧನಿ ಮೋರಿಗೆ ಹೊಯ್ಯಿ ಅಂತ ಹೇಳಿ ನಿಮ್ಮನ್ನು ಕೇಳಿದ್ರು. ನೀವು ತಲೆ ಆಡಿಸಿದ್ರಿ. ನೀವು ಆಡಿಸಿದ್ದು ನೋಡಿಯೇ ನಾನು ಹೊಯ್ದದ್ದು.”

“ನನಗೆ ನೆನಪಿಲ್ಲ ಶೀನಪ್ಪಣ್ಣ,” ಎಂದೆ.

 “ಆಯ್ತು,” ಎಂದ. “ನಿಮಗೆ ನೂರು ಕೆಲಸ. ನೆನಪಿರುವುದಿಲ್ಲ.”

ಅದರಲ್ಲಿ ವ್ಯಂಗ್ಯ ಇದ್ದಿದ್ದರೆ ನನಗೆ ಸುಖವಾಗುತ್ತಿತ್ತು. ಇರಲಿಲ್ಲ. ಅವನು ನಂಬಿದ್ದ. ನಾನು ಮರೆತಿದ್ದೇನೆಂದು ನಂಬಿ, ತನ್ನ ಮನೆ ಹೋದದ್ದಕ್ಕೆ ಒಂದು ಸಮಾಧಾನ ಕಂಡುಕೊಂಡಿದ್ದ.

ನಾನು ಟೇಪು ಬಿಚ್ಚಿದೆ. ನನ್ನ ಜೊತೆ ಬರಬೇಕಿದ್ದವನು ಬಂದಿರಲಿಲ್ಲ. ಮೂವತ್ತು ಅಡಿ ಟೇಪಿನ ತುದಿ ಗಾಳಿಗೆ ಮಡಚಿ ಬೀಳುತ್ತಿತ್ತು. ಎರಡು ಸಲ ಕಲ್ಲು ಹೇರಿ ನೋಡಿದೆ, ಜಾರಿತು. ಶೀನಪ್ಪ ನೋಡಿದ, ತಾನಾಗಿ ಬಗ್ಗಿ ತುದಿಯನ್ನು ಹಿಡಿದುಕೊಂಡ.

“ಎಲ್ಲಿ ಹಿಡಿಯುವುದು?”

“ಬಾಗಿಲಿನ ಹೊಸ್ತಿಲಿಗೆ,” ಎಂದೆ.

ಅವನು ಹೊಸ್ತಿಲಿನ ಮೇಲೆ ಕೂತು ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ನಾನು ಹಟ್ಟಿಯ ಗೋಡೆಯವರೆಗೆ ಎಳೆದೆ. ತೊಟ್ಟಿಗೆ ಹತ್ತಡಿ ಉದ್ದ, ಮುಚ್ಚಳ ತೆಗೆದು ಸುತ್ತ ನಿಲ್ಲಲು ಮತ್ತೆರಡಡಿ. ಅಗಲ ತೆಗೆಯಲು ಅವನೇ ಎದ್ದು ಒಲೆಯಿದ್ದ ಮೂಲೆಗೆ ಹೋಗಿ ನಿಂತ, ಸಡಿಲ ಬಿಡದೆ ಹಿಡಿದ. ಪಿಕಪ್ಪಿನವನು ಹಾರ್ನ್ ಮಾಡಿದ. ನಾನು ಅಂಕಿಗಳನ್ನು ಬರೆದುಕೊಳ್ಳುವವರೆಗೂ ಶೀನಪ್ಪ ತುದಿ ಬಿಡಲಿಲ್ಲ.

“ಈ ಸಲ ಸಾಕಾಗ್ತದಾ ಭಟ್ರೇ?” ಎಂದು ಕೇಳಿದ. “ತೆಳಿ ಎಲ್ಲ ಹಿಡಿಸ್ತದಾ?”

“ಹಿಡಿಸ್ತದೆ,” ಎಂದೆ. “ನೀವಿನ್ನು ಬಿಡಿ.”